ಹಸಿರು ಹರಳು ಕಾಯಿಸುವ ಮುಂಚೆ: ಫೆರಸ್ ಸಲ್ಫೇಟ್ ಪ್ರಯೋಗದ ಹಾಳೆಯನ್ನು ಓದುವ ಬಗೆ

ನಿಮ್ಮ ಕೈಯಲ್ಲಿರುವ ಹಾಳೆ ನೋಡಿ. ಹತ್ತನೇ ತರಗತಿ ವಿಜ್ಞಾನದ ಮೊದಲ ಪಾಠ, ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಅದರಲ್ಲಿ ಬರುವ ಒಂದು ಚಿಕ್ಕ ಪ್ರಯೋಗ. ವಿಧಾನ ಅನ್ನುವ ಕಡೆ ನಾಲ್ಕೇ ಸಾಲು ಇದೆ. ಒಣಗಿದ ಬಾಯ್ಲಿಂಗ್ ಟ್ಯೂಬ್‌ನಲ್ಲಿ ಸುಮಾರು 2 ಗ್ರಾಂ ಫೆರಸ್ ಸಲ್ಫೇಟ್ ಹರಳು ತೆಗೆದುಕೊಳ್ಳಬೇಕು. ಹರಳಿನ ಬಣ್ಣ ನೋಡಬೇಕು. ಬರ್ನರ್ ಅಥವಾ ಸ್ಪಿರಿಟ್ ಲ್ಯಾಂಪ್ ಮೇಲೆ ಕಾಯಿಸಬೇಕು. ಕಾಯಿಸಿದ ಮೇಲೆ ಬಣ್ಣ ಏನಾಯಿತು ಅಂತ ನೋಡಬೇಕು. ಅಷ್ಟೇ.

ಕೆಳಗೆ ವೀಕ್ಷಣೆ ಅಂತ ಒಂದು ಖಾಲಿ ಜಾಗ. ಅದರ ಕೆಳಗೆ ಮುನ್ನೆಚ್ಚರಿಕೆಗಳು. ಸಾಮಾನ್ಯವಾಗಿ ಏನು ಮಾಡ್ತೀವಿ? ವಿಧಾನ ಓದ್ತೀವಿ, ಪ್ರಯೋಗ ಮಾಡ್ತೀವಿ, ವೀಕ್ಷಣೆಯಲ್ಲಿ "ಹಸಿರು ಬಣ್ಣ ಕಂದು ಆಯಿತು" ಅಂತ ಬರೀತೀವಿ. ಮುನ್ನೆಚ್ಚರಿಕೆಗಳನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸುವಾಗ ಮೊದಲ ಸಲ ಓದ್ತೀವಿ. ಆಗ ಪ್ರಯೋಗ ಮುಗಿದಿರುತ್ತೆ.

ಇವತ್ತು ಬೇರೆ ಥರ ಓದೋಣ. ಮುನ್ನೆಚ್ಚರಿಕೆಯ ಒಂದೊಂದು ಸಾಲನ್ನೂ ವೀಕ್ಷಣೆಯ ಪಕ್ಕದಲ್ಲಿ ಇಟ್ಟು ನೋಡೋಣ. ಯಾಕೆ ಅಂದರೆ ಇವೆರಡೂ ಒಂದೇ ಸಂಗತಿಯನ್ನು ಹೇಳ್ತಾ ಇವೆ. ಟ್ಯೂಬ್ ಒಳಗೆ ನೀರು ಬರುತ್ತೆ, ಅದಕ್ಕೇ ಟ್ಯೂಬನ್ನು ಓರೆಯಾಗಿ ಹಿಡಿ ಅಂತ ಹೇಳಿರೋದು. ಅನಿಲ ಬರುತ್ತೆ, ಅದಕ್ಕೇ ಮೂಗು ಹತ್ತಿರ ತರಬೇಡ ಅಂತ ಹೇಳಿರೋದು. ಒಳಗೆ ಯಾವಾಗ ಏನಾಗುತ್ತೆ ಅಂತ ಗೊತ್ತಿದ್ದರೆ ಮುನ್ನೆಚ್ಚರಿಕೆಯನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು ಹರಳಿನಿಂದ ಶುರು ಮಾಡೋಣ. ಫೆರಸ್ ಸಲ್ಫೇಟ್ ಅಂದರೆ ನಮ್ಮ ಗ್ರಂಥಿಗೆ ಅಂಗಡಿಯ ಅನ್ನಭೇದಿ. ತೋಟದಲ್ಲಿ ಎಲೆ ಹಳದಿಯಾಗಿ ಕಬ್ಬಿಣದ ಕೊರತೆ ಕಂಡರೆ ರೈತರು ನೀರಲ್ಲಿ ಕರಗಿಸಿ ಸಿಂಪಡಿಸೋದೂ ಇದನ್ನೇ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಗಳಲ್ಲೂ ಬಹಳಷ್ಟರಲ್ಲಿ ಇದೇ ಉಪ್ಪು ಇರುತ್ತೆ. ಹಾಗಂತ ಲ್ಯಾಬಿನ ಬಾಟಲಿಯಿಂದ ತೆಗೆದು ರುಚಿ ನೋಡುವಂತಿಲ್ಲ. ಔಷಧಿಯಲ್ಲಿ ಅಳತೆ ಇರುತ್ತೆ, ಶುದ್ಧತೆ ಇರುತ್ತೆ. ಬಾಟಲಿಯಲ್ಲಿ ಎರಡೂ ಇಲ್ಲ. ಕಬ್ಬಿಣ ಜಾಸ್ತಿಯಾದರೆ ಚಿಕ್ಕ ಮಕ್ಕಳಿಗೆ ಪ್ರಾಣಕ್ಕೇ ಅಪಾಯ.

ಒಳ್ಳೆಯ ಹರಳು ತಿಳಿ ಹಸಿರು ಇರುತ್ತೆ, ಸ್ವಲ್ಪ ನೀಲಿ ಮಿಶ್ರವಾದ ಹಸಿರು. ಆದರೆ ನಿಮ್ಮ ಶಾಲೆಯ ಬಾಟಲಿ ಎರಡು ಮೂರು ವರ್ಷದ ಹಳೆಯದಾಗಿದ್ದರೆ ಹರಳಿನ ಮೇಲೆ ಹಳದಿ-ಕಂದು ಪುಡಿ ಕೂತಿರುತ್ತೆ. ಬಿರಡೆ ಸರಿಯಾಗಿ ಹಾಕದೆ ಇದ್ದಾಗ ಗಾಳಿಯ ಆಮ್ಲಜನಕ ಒಳಗಿನ ಕಬ್ಬಿಣವನ್ನು ಫೆರಸ್‌ನಿಂದ ಫೆರಿಕ್ ಮಾಡಿರುತ್ತೆ. ಇಲ್ಲೇ ಮೊದಲ ತೊಂದರೆ. ಕಾಯಿಸುವ ಮುಂಚೆನೇ ಕಂದು ಇದ್ದರೆ, ಕಾಯಿಸಿದ್ದರಿಂದ ಕಂದು ಆಯಿತು ಅಂತ ಹೇಗೆ ಹೇಳ್ತೀರಿ? ಆದ್ದರಿಂದ ಸುಮ್ನೆ ಚಮಚದಲ್ಲಿ ಮೇಲಿನದನ್ನು ತೋಡಬೇಡಿ. ಒಳಗಿನ ಹಸಿರು ಹರಳುಗಳನ್ನು ಆರಿಸಿಕೊಳ್ಳಿ. ಅನುಮಾನ ಇದ್ದರೆ ನಾಲ್ಕು ಹರಳನ್ನು ಬೇರೆ ಟ್ಯೂಬ್‌ನಲ್ಲಿ ಸ್ವಲ್ಪ ನೀರಿಗೆ ಹಾಕಿ ಅಲ್ಲಾಡಿಸಿ. ಒಳ್ಳೆಯದಾದರೆ ತಿಳಿ ಹಸಿರು ನೀರು. ಹಳೆಯದಾದರೆ ಹಳದಿ ಕಂದು ಬಣ್ಣದ ಕದಡಿದ ನೀರು. "ಹರಳಿನ ಬಣ್ಣ ಗಮನಿಸಿ" ಅನ್ನುವ ಎರಡನೇ ಸಾಲು ಇರೋದು ಇದಕ್ಕೇ. ಮೊದಲಿನ ಬಣ್ಣ ಬರೆಯದೆ ಇದ್ದರೆ ಕೊನೆಯ ಬಣ್ಣಕ್ಕೆ ಅರ್ಥ ಇಲ್ಲ.

ಈಗ ಈ ಹರಳಿನ ಸೂತ್ರ ನೋಡಿ. FeSO4·7H2O. ಆ ಚುಕ್ಕಿಯ ಆಚೆ ಇರುವ ಏಳು ನೀರಿನ ಅಣುಗಳೇ ಈ ಪ್ರಯೋಗದ ಅರ್ಧ ಕಥೆ. ಲೆಕ್ಕ ಹಾಕೋಣ. FeSO4 ತೂಕ 152. ಏಳು ನೀರು ಅಂದರೆ ಏಳು ಹದಿನೆಂಟಲೆ 126. ಒಟ್ಟು 278. ಅಂದರೆ ನೀವು ತೆಗೆದುಕೊಂಡ 2 ಗ್ರಾಂನಲ್ಲಿ ಸುಮಾರು 0.9 ಗ್ರಾಂ ಬರೀ ನೀರು. ಮುಟ್ಟಿದರೆ ಒಣಗಿದ ಹಾಗೆ ಇರುತ್ತೆ, ಆದರೆ ಹತ್ತಿರ ಹತ್ತಿರ ಅರ್ಧ ತೂಕ ನೀರೇ. ಆ ಹಸಿರು ಬಣ್ಣ ಇರೋದೂ ಈ ನೀರಿನಿಂದಲೇ. ಹರಳಿನಲ್ಲಿ ಕಬ್ಬಿಣದ ಅಯಾನಿನ ಸುತ್ತ ಆರು ನೀರಿನ ಅಣು ಸುತ್ತುವರಿದಿರುತ್ತವೆ. ಅವು ಹೋದರೆ ಹಸಿರೂ ಹೋಗುತ್ತೆ.

ಹಾಗಾದರೆ ಕಾಯಿಸಿದಾಗ ಮೊದಲು ಏನು ಕಾಣಬೇಕು? ಕಂದು ಬಣ್ಣ ಅಲ್ಲ, ನೀರು.

ಜ್ವಾಲೆ ತಾಗಿದ ಸ್ವಲ್ಪ ಹೊತ್ತಿಗೆ ಹರಳುಗಳು ಒದ್ದೆಯಾದ ಹಾಗೆ ಮೆತ್ತಗಾಗುತ್ತವೆ. ಈ ಹರಳು ಸುಮಾರು 64 ಡಿಗ್ರಿಗೇ ತನ್ನ ನೀರಿನಲ್ಲಿ ತಾನೇ ಕರಗೋಕೆ ಶುರುವಾಗುತ್ತೆ. ಹೊರಗಿಂದ ಒಂದು ಹನಿ ನೀರು ಹಾಕಿಲ್ಲ, ಆದರೂ ಒಳಗೆ ಗುಳುಗುಳು ಗುಳ್ಳೆ ಏಳುತ್ತೆ. ಜೋರು ಉರಿಯಲ್ಲಿ ಒಂದೇ ಕಡೆ ಕಾಯಿಸಿದರೆ ಆ ಗುಳ್ಳೆ ಸಿಡಿದು ಬಿಸಿ ಚೂರು ಟ್ಯೂಬ್ ಬಾಯಿಯವರೆಗೂ ಹಾರುತ್ತೆ. "ಟ್ಯೂಬಿನ ಬಾಯಿ ನಿಮ್ಮ ಕಡೆಗಾಗಲಿ ಪಕ್ಕದವರ ಕಡೆಗಾಗಲಿ ಇರಬಾರದು" ಅನ್ನುವ ಸಾಲು ಇದಕ್ಕೆ. ಪಕ್ಕದವರು ಅಂದರೆ ಬೆಂಚಿನ ಎದುರು ನಿಂತವರೂ ಸೇರಿದ ಹಾಗೆ. ನಮ್ಮ ಲ್ಯಾಬುಗಳಲ್ಲಿ ಎರಡೂ ಕಡೆ ಮಕ್ಕಳು ನಿಲ್ತಾರೆ, ಅಲ್ವಾ? ನಿಮ್ಮ ಮುಖದಿಂದ ತಿರುಗಿಸಿದ ಬಾಯಿ ಎದುರಿನ ಹುಡುಗಿಯ ಮುಖಕ್ಕೆ ನೇರವಾಗಿ ಇರುತ್ತೆ. ಟ್ಯೂಬ್ ಹಿಡಿದ ಮೇಲೆ ಯೋಚಿಸೋದಲ್ಲ ಇದು. ಉರಿ ಹಚ್ಚುವ ಮುಂಚೆ ಯಾವ ಕಡೆ ಗೋಡೆ ಇದೆ ಅಂತ ನೋಡಿ, ಆ ಕಡೆಗೆ ಬಾಯಿ ಬರುವ ಹಾಗೆ ನಿಲ್ಲಿ. ಕನ್ನಡಕ ಹಾಕಿ ಅನ್ನೋದೂ ಈ ಸಿಡಿತಕ್ಕೇ. ಸೇಫ್ಟಿ ಕನ್ನಡಕ ಎಲ್ಲರಿಗೂ ಸಾಲದಿದ್ದರೆ ಟ್ಯೂಬ್ ಹಿಡಿದವರಿಗೆ ಮತ್ತು ಪಕ್ಕದಲ್ಲಿ ನಿಂತು ನೋಡುವವರಿಗೆ ಮೊದಲು ಕೊಡಿ. ಉಳಿದವರು ಹಿಂದೆ ಸರಿಯಲಿ.

ಆಮೇಲೆ ಟ್ಯೂಬಿನ ಬಾಯಿಯ ಹತ್ತಿರ, ತಣ್ಣಗಿರುವ ಗಾಜಿನ ಮೇಲೆ ಸಣ್ಣ ಸಣ್ಣ ಹನಿ ಕಾಣುತ್ತೆ. ಇದನ್ನು ತುಂಬಾ ಜನ ನೋಡೋದೇ ಇಲ್ಲ. ಕಣ್ಣೆಲ್ಲ ತಳದಲ್ಲಿರುವ ಹರಳಿನ ಮೇಲೇ ಇರುತ್ತೆ. ಹರಳಿನ ನೀರು ಆವಿಯಾಗಿ ಮೇಲೆ ಬಂದು ಅಲ್ಲಿ ಮತ್ತೆ ಹನಿಯಾಗಿದೆ. ವೀಕ್ಷಣೆಯ ಮೊದಲ ಸಾಲು ಇದು: "ಟ್ಯೂಬಿನ ಬಾಯಿಯ ಬಳಿ ಬಣ್ಣವಿಲ್ಲದ ಹನಿಗಳು."

ಈ ಹನಿಯೇ ಟ್ಯೂಬ್ ಒಡೆಯುವುದಕ್ಕೂ ಕಾರಣ. ಹನಿ ದೊಡ್ಡದಾಗಿ ಕೆಳಗೆ ಜಾರಿ, ಕೆಂಪಗೆ ಕಾದ ತಳಕ್ಕೆ ಬಿದ್ದರೆ ಟಕ್ ಅಂತ ಗಾಜು ಸೀಳುತ್ತೆ. ಬಿಸಿ ಗಾಜಿನ ಒಂದು ಕಡೆ ಮಾತ್ರ ಇದ್ದಕ್ಕಿದ್ದ ಹಾಗೆ ತಣ್ಣಗಾದಾಗ ಅಲ್ಲಿ ಕುಗ್ಗುತ್ತೆ, ಸುತ್ತ ಕುಗ್ಗಲ್ಲ. ಆ ಎಳೆತ ತಡೆಯಲಾರದೆ ಸೀಳುತ್ತೆ. "ಒಣಗಿದ ಟ್ಯೂಬ್ ಬಳಸಿ" ಅಂತ ಹಾಳೆ ಹೇಳೋದು ಇದೇ ಕಾರಣಕ್ಕೆ. ತೊಳೆದು ಹಾಗೇ ತಂದ ಟ್ಯೂಬ್‌ನಲ್ಲಿ ಹನಿಗಳು ಮೊದಲೇ ಗೋಡೆಗೆ ಅಂಟಿರುತ್ತವೆ. ಇನ್ನೊಂದು ನಷ್ಟವೂ ಇದೆ. ಟ್ಯೂಬ್ ಮೊದಲೇ ಒದ್ದೆಯಾಗಿದ್ದರೆ ಬಾಯಿಯಲ್ಲಿ ಕಂಡ ಹನಿ ಹರಳಿನಿಂದ ಬಂತೋ ನಲ್ಲಿಯಿಂದ ಬಂತೋ ಹೇಳೋಕಾಗಲ್ಲ. ಒಂದೇ ಸಾಲು ಗಾಜನ್ನೂ ಉಳಿಸುತ್ತೆ, ವೀಕ್ಷಣೆಯನ್ನೂ ಉಳಿಸುತ್ತೆ.

ಒಣ ಟ್ಯೂಬ್ ತೆಗೆದುಕೊಂಡರೂ ಆ 0.9 ಗ್ರಾಂ ನೀರು ಬಂದೇ ಬರುತ್ತೆ. ಅದಕ್ಕೆ ಏನು ಮಾಡೋದು? ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ ಕಾಯಿಸಬೇಡಿ. ಹರಳನ್ನು ಟ್ಯೂಬಿನ ಉದ್ದಕ್ಕೆ ಸ್ವಲ್ಪ ಹರಡಿ, ಹೋಲ್ಡರನ್ನು ಬಾಯಿಯಿಂದ ಎರಡು ಬೆರಳು ಕೆಳಗೆ ಹಾಕಿ, ಟ್ಯೂಬನ್ನು ಹೆಚ್ಚುಕಡಿಮೆ ಮಲಗಿಸಿದ ಹಾಗೆ ಹಿಡಿಯಿರಿ. ಉರಿಯನ್ನು ತಳಕ್ಕೆ ಮಾತ್ರ ಕೊಡದೆ ಹಿಂದೆ ಮುಂದೆ ಆಡಿಸಿ. ಹನಿ ಕೂತ ಜಾಗಕ್ಕೂ ಆಗಾಗ ಉರಿ ತೋರಿಸಿದರೆ ನೀರು ಆವಿಯಾಗಿ ಹೊರಗೇ ಹೋಗುತ್ತೆ. ಸ್ಟ್ಯಾಂಡ್ ಮತ್ತು ಕ್ಲ್ಯಾಂಪ್ ಇರುವ ಲ್ಯಾಬಿನಲ್ಲಿ ಇನ್ನೂ ಸುಲಭ. ಟ್ಯೂಬಿನ ಬಾಯಿ ತಳಕ್ಕಿಂತ ಒಂದಿಷ್ಟೇ ತಗ್ಗಿರುವ ಹಾಗೆ ಕಟ್ಟಿ. ನೀರು ತಾನಾಗಿ ಹೊರಕ್ಕೆ ಹರಿಯುತ್ತೆ.

ನೀರೆಲ್ಲ ಹೋದ ಮೇಲೆ ಏನು ಉಳಿಯುತ್ತೆ? ಹಸಿರು ಮಾಸಿ ಬೆಳ್ಳಗಿನ ಪುಡಿ. ಅಪ್ಪಟ ಬಿಳಿ ಅಂದುಕೊಳ್ಳಬೇಡಿ, ಬೂದು ಅಥವಾ ಹಳದಿ ಛಾಯೆಯ ಬಿಳಿ. ಇದು ನೀರಿಲ್ಲದ ಫೆರಸ್ ಸಲ್ಫೇಟ್. ಇಲ್ಲಿಯವರೆಗೆ ಕಬ್ಬಿಣ ಬದಲಾಗಿಲ್ಲ, ಸಲ್ಫೇಟ್ ಬದಲಾಗಿಲ್ಲ. ನೀರಷ್ಟೇ ಹೊರಗೆ ಹೋಗಿದೆ.

ಈ ಬಿಳಿ ಹಂತವನ್ನು ಹಿಡಿಯೋದು ಕಷ್ಟ. ಯಾಕೆ ಅಂದರೆ ಟ್ಯೂಬಿನ ಎಲ್ಲಾ ಕಡೆ ಒಂದೇ ಸಮಯಕ್ಕೆ ಇದು ಆಗಲ್ಲ. ಉರಿಯ ಮೇಲಿರುವ ತಳ ಕಂದಾಗಿರುತ್ತೆ, ಅದರ ಮೇಲೆ ಬಿಳಿ, ಅದರ ಮೇಲೆ ಇನ್ನೂ ಹಸಿರು. ಮೂರು ಬಣ್ಣ ಒಂದೇ ಟ್ಯೂಬ್‌ನಲ್ಲಿ ಪಟ್ಟಿ ಪಟ್ಟಿಯಾಗಿ ಕಾಣೋದು ಈ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟದ ನೋಟ. ಕಾಲ ಕಳೆದ ಹಾಗೆ ಆಗುವ ಬದಲಾವಣೆ ಅಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಿರುತ್ತೆ. ಅದು ಕಂಡರೆ ಉರಿಯಿಂದ ಸರಿಸಿ, ಒಂದು ಕ್ಷಣ ನೋಡಿ, ಪೆನ್ಸಿಲಿನಲ್ಲಿ ಒಂದು ಗೆರೆ ಚಿತ್ರ ಬರೆದುಕೊಳ್ಳಿ. ಜೊತೆಗಾರರು ಇರೋದು ಇದಕ್ಕೇ. ಒಬ್ಬರು ಟ್ಯೂಬ್ ಹಿಡಿಯಲಿ, ಇನ್ನೊಬ್ಬರು ಬರೆಯಲಿ.

ಮುಂದೆ ಬರೋದು ನಿಜವಾದ ವಿಭಜನೆ. ಇದಕ್ಕೆ ಜಾಸ್ತಿ ಶಾಖ ಬೇಕು, ಸುಮಾರು 500 ಡಿಗ್ರಿ ಮತ್ತು ಅದಕ್ಕೂ ಮೇಲೆ. ಸಮೀಕರಣ ಹೀಗಿದೆ:

2FeSO4 → Fe2O3 + SO2 + SO3

ಉಳಿಯುವ ಕೆಂಪು-ಕಂದು ಪುಡಿ Fe2O3, ಫೆರಿಕ್ ಆಕ್ಸೈಡ್. ಹೊರಗೆ ಹೋಗೋದು ಗಂಧಕದ ಎರಡು ಆಕ್ಸೈಡುಗಳು. ಇಲ್ಲಿ ಒಂದು ಪ್ರಶ್ನೆ ಬರಬೇಕು. ಗಂಧಕ ಯಾಕೆ ಎರಡು ರೂಪದಲ್ಲಿ ಹೊರಗೆ ಬರುತ್ತೆ? ಬರೀ SO3 ಬಂದರೆ ಸಾಲದಾ?

ಕಬ್ಬಿಣವನ್ನು ನೋಡಿ. ಹರಳಿನಲ್ಲಿ ಅದು ಫೆರಸ್, ಅಂದರೆ ಎರಡು ಧನ. ಪುಡಿಯಲ್ಲಿ ಅದು ಫೆರಿಕ್, ಅಂದರೆ ಮೂರು ಧನ. ಒಂದೊಂದು ಕಬ್ಬಿಣವೂ ಒಂದೊಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ. ಎರಡು ಕಬ್ಬಿಣ ಅಂದರೆ ಎರಡು ಎಲೆಕ್ಟ್ರಾನ್. ಅದನ್ನು ಯಾರಾದರೂ ತೆಗೆದುಕೊಳ್ಳಲೇಬೇಕಲ್ಲ. ಎರಡು ಗಂಧಕದಲ್ಲಿ ಒಂದು ಅದನ್ನು ತೆಗೆದುಕೊಂಡು SO2 ಆಗುತ್ತೆ. ಇನ್ನೊಂದು ಇದ್ದ ಹಾಗೇ SO3 ಆಗಿ ಹೋಗುತ್ತೆ. ಹಾಳೆಯಲ್ಲಿ ಇದನ್ನು ವಿಭಜನೆ ಕ್ರಿಯೆ ಅಂತ ಬರೆದಿದ್ದಾರೆ, ಸರಿಯೇ. ಆದರೆ ಅದೇ ಟ್ಯೂಬ್‌ನಲ್ಲಿ ಉತ್ಕರ್ಷಣೆ ಮತ್ತು ಅಪಕರ್ಷಣೆಯೂ ಆಗ್ತಾ ಇದೆ. ಪಾಠದ ಕೊನೆಗೆ ಆ ವಿಷಯ ಬಂದಾಗ ಈ ಸಮೀಕರಣಕ್ಕೆ ವಾಪಸ್ ಬಂದು ನೋಡಿ.

ಸ್ವಲ್ಪ ಆಚೆ ಹೋಗ್ತೀನಿ. ಈ ಕ್ರಿಯೆ ಶಾಲೆಗೆ ಬರುವ ಮುಂಚೆ ಕಾರ್ಖಾನೆಯಲ್ಲಿತ್ತು. ಯುರೋಪಿನಲ್ಲಿ ಇದೇ ಹಸಿರು ಹರಳನ್ನು ಕಾಯಿಸಿ, ಬರುವ ಹೊಗೆಯನ್ನು ಹಿಡಿದು ಗಂಧಕಾಮ್ಲ ತಯಾರಿಸ್ತಾ ಇದ್ದರು. ಜರ್ಮನಿಯ ನಾರ್ಡ್‌ಹೌಸೆನ್ ಊರಿನ ಹೆಸರಿನಲ್ಲೇ ಆ ಹೊಗೆಯಾಡುವ ಆಮ್ಲ ಪ್ರಸಿದ್ಧವಾಗಿತ್ತು. ತಳದಲ್ಲಿ ಉಳಿದ ಕೆಂಪು ಪುಡಿಯೂ ವ್ಯರ್ಥ ಆಗ್ತಾ ಇರಲಿಲ್ಲ. ಗಾಜು, ಲೋಹ ಉಜ್ಜಿ ಹೊಳಪು ಕೊಡೋಕೆ, ಬಣ್ಣಕ್ಕೆ ಬಳಸ್ತಾ ಇದ್ದರು. ಇದನ್ನು ಹೇಳೋಕೆ ಕಾರಣ ಇದೆ. ಗಂಧಕಾಮ್ಲ ತಯಾರಿಸುವ ಹೊಗೆಯೇ ನಿಮ್ಮ ಟ್ಯೂಬಿನ ಬಾಯಿಂದ ಬರೋದು. ನಿಮ್ಮ ಮೂಗಿನ ಒಳಗಿನ ತೇವಕ್ಕೆ ತಾಗಿದರೆ ಅಲ್ಲೂ ಅದು ಆಮ್ಲವೇ ಆಗುತ್ತೆ.

ಈಗ ಹಾಳೆಯ "ವಾಸನೆ ಗಮನಿಸಿ" ಅನ್ನುವ ಸಾಲಿಗೆ ಬರೋಣ. ನನ್ನ ಪ್ರಕಾರ ಇಡೀ ಹಾಳೆಯಲ್ಲಿ ಅತಿ ಅಪಾಯದ ಸಾಲು ಇದು. SO2ಗೆ ಬೆಂಕಿಕಡ್ಡಿ ಗೀರಿದ ಕ್ಷಣ ಬರುವ, ಮೂಗಿಗೆ ಚುರ್ ಅನ್ನಿಸುವ ವಾಸನೆ. ಆ ವಾಸನೆ ನಿಮಗೆಲ್ಲ ಗೊತ್ತು. ಕಡ್ಡಿಯ ಮದ್ದಿನಲ್ಲೂ ಗಂಧಕ ಇರುತ್ತೆ, ಅಲ್ಲೂ ಹುಟ್ಟೋದು ಇದೇ ಅನಿಲ. ಹಾಗಾಗಿ ಅದನ್ನು ಗುರುತಿಸೋಕೆ ಉದ್ದಕ್ಕೆ ಉಸಿರೆಳೆಯಬೇಕಾಗಿಲ್ಲ.

ಮಾಡುವ ಕ್ರಮ ಇದು. ಮೊದಲು ಟ್ಯೂಬನ್ನು ಉರಿಯಿಂದ ಹೊರಗೆ ತನ್ನಿ. ಕಾಯ್ತಾ ಇರುವ ಟ್ಯೂಬಿನ ವಾಸನೆ ಯಾವತ್ತೂ ನೋಡಬೇಡಿ. ಮುಖದಿಂದ ಒಂದು ಮೊಳ ದೂರದಲ್ಲಿ ಹಿಡಿಯಿರಿ. ಮೊದಲು ಒಳ್ಳೆಯ ಗಾಳಿಯನ್ನು ಎದೆ ತುಂಬಾ ಎಳೆದುಕೊಳ್ಳಿ. ಆಮೇಲೆ ಖಾಲಿ ಕೈಯಿಂದ ಟ್ಯೂಬಿನ ಬಾಯಿಯ ಮೇಲಿನ ಗಾಳಿಯನ್ನು ಮೂಗಿನ ಕಡೆಗೆ ಮೆಲ್ಲಗೆ ಬೀಸಿ. ಎದೆ ಮೊದಲೇ ತುಂಬಿರೋದರಿಂದ ಸಣ್ಣಗೆ ಮೂಸೋಕೆ ಮಾತ್ರ ಆಗುತ್ತೆ, ಆಳವಾಗಿ ಎಳೆಯೋಕೆ ಆಗಲ್ಲ. ಒಂದು ಸಲ ಸಾಕು. ಗುಂಪಿನಲ್ಲಿ ಒಬ್ಬರು ನೋಡಿದರೆ ಸಾಕು.

ಆಸ್ತಮಾ ಇರುವವರು, ನೆಗಡಿ ಕೆಮ್ಮಿನಲ್ಲಿ ಇರುವವರು ಇದನ್ನು ಮಾಡಲೇಬಾರದು. ಆಸ್ತಮಾ ಇರುವವರಿಗೆ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗಕ್ಕಿಂತ ಕಡಿಮೆ SO2 ಇದ್ದರೂ ಎದೆ ಬಿಗಿಯಬಹುದು. ಇದನ್ನು ಹೇಳಿಕೊಳ್ಳೋಕೆ ನಾಚಿಕೆ ಬೇಡ. ಹಿಂದಿನ ದಿನವೇ ಮೇಷ್ಟರಿಗೆ ಅಥವಾ ಮೇಡಂಗೆ ತಿಳಿಸಿ, ಪ್ರಯೋಗದ ಹೊತ್ತಿಗೆ ಕಿಟಕಿ ಪಕ್ಕ ಅಥವಾ ಬಾಗಿಲ ಹೊರಗೆ ನಿಂತು ನೋಡಿ. ಇನ್ಹೇಲರ್ ಬ್ಯಾಗಿನಲ್ಲಿ ಅಲ್ಲ, ಜೇಬಿನಲ್ಲಿ ಇರಲಿ.

ಒಂದು ಲೆಕ್ಕ ಮಾಡೋಣ. ಇಲ್ಲಿ ಶಿಕ್ಷಕರೂ ಕೂತಿದ್ದೀರಿ, ನಿಮಗೂ ಇದು ಬೇಕು. 2 ಗ್ರಾಂ ಹರಳು ಪೂರ್ತಿ ವಿಭಜನೆ ಆದರೆ ಬರುವ SO2 ಸುಮಾರು 0.23 ಗ್ರಾಂ. ಕೋಣೆಯ ಉಷ್ಣತೆಯಲ್ಲಿ ಅದು ಸುಮಾರು 86 ಮಿಲಿಲೀಟರ್ ಅನಿಲ. ಒಂದು ಟ್ಯೂಬಿಗೆ ಇದು ದೊಡ್ಡದೇನಲ್ಲ. ಆದರೆ ತರಗತಿಯಲ್ಲಿ 40 ಮಕ್ಕಳು, ಇಬ್ಬರಿಬ್ಬರಂತೆ 20 ಟ್ಯೂಬ್, ಎಲ್ಲರೂ ಒಟ್ಟಿಗೆ ಕಾಯಿಸ್ತಾರೆ ಅಂದುಕೊಳ್ಳಿ. ಒಟ್ಟು 1.7 ಲೀಟರ್. ಲ್ಯಾಬು 8 ಮೀಟರ್ ಉದ್ದ, 6 ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರ ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಹಿಡಿಯುವ ಗಾಳಿ 1,68,000 ಲೀಟರ್. ಕಿಟಕಿ ಮುಚ್ಚಿದ್ದರೆ ಹತ್ತು ಲಕ್ಷ ಭಾಗ ಗಾಳಿಗೆ ಹತ್ತು ಭಾಗ SO2 ಆಯಿತು. ಅಮೆರಿಕದಲ್ಲಿ ಕಾರ್ಮಿಕರಿಗೆ ಎಂಟು ಗಂಟೆಯ ಸರಾಸರಿಗೆ ಕಾನೂನು ಇಟ್ಟಿರುವ ಮಿತಿ ಐದು ಭಾಗ. ಮಕ್ಕಳ ಕೋಣೆಯಲ್ಲಿ ಅದರ ಎರಡರಷ್ಟು ಆಯಿತು, SO3 ಲೆಕ್ಕಕ್ಕೆ ತೆಗೆದುಕೊಳ್ಳದೆಯೇ. ಸ್ಪಿರಿಟ್ ಲ್ಯಾಂಪಿನಲ್ಲಿ ವಿಭಜನೆ ಪೂರ್ತಿ ಆಗೋದು ಅಪರೂಪ, ಅನಿಲವೂ ಒಮ್ಮೆಲೇ ಬರಲ್ಲ, ನಿಜ. ಆದರೆ ಟ್ಯೂಬಿನ ಹತ್ತಿರ ನಿಂತವರ ಮುಖದ ಮುಂದೆ ಇರುವ ಗಾಳಿ ಕೋಣೆಯ ಸರಾಸರಿಗಿಂತ ಎಷ್ಟೋ ಪಟ್ಟು ಕೆಟ್ಟದಾಗಿರುತ್ತೆ.

ಹಾಗಾದರೆ ಏನು ಮಾಡಬೇಕು? 2 ಗ್ರಾಂ ಬದಲು ಅರ್ಧ ಗ್ರಾಂ ಸಾಕು. ಬಣ್ಣ ಅಷ್ಟೇ ಚೆನ್ನಾಗಿ ಕಾಣುತ್ತೆ, ಸಣ್ಣ ಟೆಸ್ಟ್ ಟ್ಯೂಬಿನಲ್ಲೇ ಆಗುತ್ತೆ, ಅನಿಲ ಕಾಲು ಭಾಗಕ್ಕೆ ಇಳಿಯುತ್ತೆ. ಕಾಯಿಸೋಕೂ ಕಡಿಮೆ ಹೊತ್ತು. ನಾಲ್ಕೈದು ಗುಂಪು ಕಾಯಿಸಿ ಮುಗಿಸಿದ ಮೇಲೆ ಮುಂದಿನ ಗುಂಪು ಶುರು ಮಾಡಲಿ. ಎದುರುಬದುರು ಕಿಟಕಿ ಬಾಗಿಲು ತೆಗೆದಿರಲಿ. ಫ್ಯಾನ್ ಹಾಕಿದರೆ ಉರಿ ಅಲುಗಾಡುತ್ತೆ ಅಂತ ಆರಿಸ್ತೀವಿ, ಸರಿ. ಆದರೆ ಫ್ಯಾನ್ ಆರಿಸಿ ಕಿಟಕಿಯನ್ನೂ ಮುಚ್ಚೋದು ಸರಿಯಲ್ಲ. ವೀಕ್ಷಣೆಗೆ ಅಗತ್ಯ ಇಲ್ಲದ ಒಂದೂವರೆ ಗ್ರಾಂ ಹರಳಿಗಾಗಿ ಮಕ್ಕಳು ಕೆಮ್ಮುವುದು ನನಗೆ ಒಪ್ಪಿಗೆ ಇಲ್ಲ.

ವಾಸನೆ ಬೇಡ ಅಂದರೆ ಅನಿಲ ಬಂತು ಅಂತ ಹೇಗೆ ತೋರಿಸೋದು? ನೀಲಿ ಲಿಟ್ಮಸ್ ಕಾಗದ. ಇದನ್ನು ಎರಡು ಸಲ ಮಾಡಿ. ಮೊದಲನೇ ಸಲ, ಬಾಯಿಯಲ್ಲಿ ಹನಿ ಕಂಡ ತಕ್ಷಣ, ಹಸಿರು ಇನ್ನೂ ಹೋಗಿಲ್ಲದಾಗ, ಕಾಗದದ ತುದಿಯನ್ನು ಚಿಮಟದಲ್ಲಿ ಹಿಡಿದು ಆ ಹನಿಗೆ ತಾಗಿಸಿ. ನೀಲಿ ಹೆಚ್ಚುಕಡಿಮೆ ನೀಲಿಯಾಗೇ ಉಳಿಯುತ್ತೆ. ಅದು ಬರೀ ನೀರು. ಎರಡನೇ ಸಲ, ಪುಡಿ ಕಂದಾಗೋಕೆ ಶುರುವಾದ ಮೇಲೆ, ಹೊಸ ಕಾಗದವನ್ನು ಒದ್ದೆ ಮಾಡಿ ಬಾಯಿಯ ಹತ್ತಿರ ಹಿಡಿಯಿರಿ. ಈಗ ಕೆಂಪಾಗುತ್ತೆ. ಮೊದಲು ನೀರು, ಆಮೇಲೆ ಆಮ್ಲದ ಅನಿಲ ಅನ್ನೋದು ಕಾಗದದ ಮೇಲೆಯೇ ದಾಖಲಾಯಿತು. ಆ ಎರಡು ಚೂರನ್ನೂ ಒಣಗಿಸಿ ರೆಕಾರ್ಡಿನಲ್ಲಿ ಅಂಟಿಸಬಹುದು.

ಲಿಟ್ಮಸ್ ಕೆಂಪಾದ ಮಾತ್ರಕ್ಕೆ SO2 ಅಂತ ಸಾಬೀತಾಗಲ್ಲ, ನೆನಪಿರಲಿ. SO3 ಕೂಡ ಕೆಂಪು ಮಾಡುತ್ತೆ. SO2ನ್ನೇ ಬೇರೆಯಾಗಿ ಗುರುತಿಸೋಕೆ ಆಮ್ಲ ಬೆರೆಸಿದ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ಅದ್ದಿದ ಕಾಗದ ಬಳಸ್ತಾರೆ, ಕಿತ್ತಳೆ ಬಣ್ಣ ಹಸಿರಾಗುತ್ತೆ. ಆದರೆ ಡೈಕ್ರೋಮೇಟ್ ಕ್ಯಾನ್ಸರ್ ತರುವ ವಸ್ತು. ಅದನ್ನು ಶಿಕ್ಷಕರೇ ಗ್ಲೌಸ್ ಹಾಕಿ ಒಂದು ಸಲ ತೋರಿಸಲಿ, ನೀವು ಮುಟ್ಟೋದು ಬೇಡ.

ಇನ್ನೊಂದು ತಪ್ಪು ಉತ್ತರಪತ್ರಿಕೆಯಲ್ಲಿ ಬಹಳ ಕಾಣುತ್ತೆ. "ಬಿಳಿ ಬಣ್ಣದ ಸಲ್ಫರ್ ಡೈಆಕ್ಸೈಡ್ ಬಂತು" ಅಂತ ಬರೀತಾರೆ. SO2ಗೆ ಬಣ್ಣ ಇಲ್ಲ. ಬಾಯಿಯ ಬಳಿ ಬಿಳಿ ಹೊಗೆ ಕಂಡರೆ ಅದು SO3 ಗಾಳಿಯ ತೇವದ ಜೊತೆ ಸೇರಿ ಆದ ಗಂಧಕಾಮ್ಲದ ಸಣ್ಣ ಸಣ್ಣ ಹನಿಗಳು. ಹಾಗಾಗಿ ಕಂಡದ್ದನ್ನು "ಬಿಳಿ ಹೊಗೆ" ಅಂತ ಬರೆಯಿರಿ. ಅದು ಏನು ಅನ್ನೋದನ್ನು ತೀರ್ಮಾನದಲ್ಲಿ ಬರೆಯಿರಿ. ವೀಕ್ಷಣೆಯ ಜಾಗದಲ್ಲಿ ಕಣ್ಣು ಮೂಗು ಕಂಡದ್ದು ಮಾತ್ರ ಇರಬೇಕು.

ಉಳಿದ ಮುನ್ನೆಚ್ಚರಿಕೆಗಳನ್ನು ಬೇಗ ಹೇಳಿಬಿಡ್ತೀನಿ. ಉರಿಯುವ ಸ್ಪಿರಿಟ್ ಲ್ಯಾಂಪಿಗೆ ಸ್ಪಿರಿಟ್ ಸುರಿಯಬಾರದು, ಒಂದರಿಂದ ಇನ್ನೊಂದನ್ನು ಬಗ್ಗಿಸಿ ಹಚ್ಚಬಾರದು, ಊದಿ ಆರಿಸಬಾರದು, ಮುಚ್ಚಳ ಹಾಕಿ ಆರಿಸಬೇಕು. ಕಿಟಕಿಯ ಬೆಳಕಿನಲ್ಲಿ ಸ್ಪಿರಿಟ್ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣಲ್ಲ. ಆದ್ದರಿಂದ ಆರಿದೆ ಅಂತ ಅಂದುಕೊಂಡು ಅದರ ಮೇಲೆ ಕೈ ಚಾಚಬೇಡಿ. ವೇಲ್ ಪಿನ್ ಮಾಡಿಕೊಳ್ಳಿ, ಜಡೆ ಹಿಂದಕ್ಕೆ ಕಟ್ಟಿ, ಸಡಿಲ ತೋಳನ್ನು ಮಡಚಿ.

ಟ್ಯೂಬ್ ಇಳಿಸುವ ವಿಷಯ ಮಾತ್ರ ನಿಧಾನವಾಗಿ ಹೇಳಬೇಕು. ಹೆಚ್ಚಿನ ಸುಟ್ಟಗಾಯ ಆಗೋದು ಕಾಯಿಸುವಾಗ ಅಲ್ಲ, ಮುಗಿದ ಮೇಲೆ. ಬಿಸಿ ಗಾಜು ನೋಡೋಕೆ ತಣ್ಣನೆ ಗಾಜಿನ ಹಾಗೇ ಇರುತ್ತೆ. ಪ್ಲಾಸ್ಟಿಕ್ ಸ್ಟ್ಯಾಂಡಿನಲ್ಲಿ ಇಟ್ಟರೆ ಸ್ಟ್ಯಾಂಡ್ ಕರಗುತ್ತೆ. ಗ್ರಾನೈಟ್ ಕಲ್ಲಿನ ಮೇಲೆ ಇಟ್ಟರೆ ಟ್ಯೂಬ್ ಸೀಳಬಹುದು. ನಲ್ಲಿ ಕೆಳಗೆ ಹಿಡಿದರೆ ಸೀಳಿಯೇ ಸೀಳುತ್ತೆ. ಹೋಲ್ಡರ್ ಸಮೇತ ವೈರ್ ಗಾಜ್ ಮೇಲೆ ಅಥವಾ ಒಣ ಮರಳಿನ ತಟ್ಟೆಯಲ್ಲಿ ಮಲಗಿಸಿ. ಮುಟ್ಟುವ ಮುಂಚೆ ಅಂಗೈಯ ಹಿಂಭಾಗವನ್ನು ಹತ್ತಿರ ತಂದು ಶಾಖ ಇದೆಯಾ ನೋಡಿ. ಸುಟ್ಟರೆ ತಕ್ಷಣ ಹರಿಯುವ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ತುಪ್ಪ, ಶಾಯಿ ಯಾವುದೂ ಬೇಡ. ಅವು ಶಾಖವನ್ನು ಒಳಗೇ ಹಿಡಿದಿಡುತ್ತವೆ, ಆಮೇಲೆ ಡಾಕ್ಟರಿಗೆ ಗಾಯ ನೋಡೋಕೂ ಅಡ್ಡ ಬರುತ್ತವೆ.

ಈಗ ವೀಕ್ಷಣೆಯ ಖಾಲಿ ಜಾಗ ತುಂಬೋಣ. ಹಾಳೆ "ಹಸಿರಿನಿಂದ ಕಂದು" ಅಂತ ಕೇಳುತ್ತೆ, ನಿಮ್ಮ ಹತ್ತಿರ ಈಗ ಅದಕ್ಕಿಂತ ಜಾಸ್ತಿ ಇದೆ. ಒಂದು ಒಳ್ಳೆಯ ದಾಖಲೆ ಹೀಗಿರುತ್ತೆ: "ಕಾಯಿಸುವ ಮುಂಚೆ ಹರಳು ತಿಳಿ ಹಸಿರು, ಕೆಲವು ಹರಳಿನ ಮೇಲೆ ಅಲ್ಪ ಹಳದಿ. ಕಾಯಿಸಿದಾಗ ಮೆತ್ತಗಾಗಿ ಗುಳ್ಳೆ ಬಂತು. ಬಾಯಿಯ ಬಳಿ ಬಣ್ಣವಿಲ್ಲದ ಹನಿ, ನೀಲಿ ಲಿಟ್ಮಸ್ ಬದಲಾಗಲಿಲ್ಲ. ನಂತರ ಪುಡಿ ಬೂದು ಬಿಳಿ. ಇನ್ನೂ ಕಾಯಿಸಿದಾಗ ತಳದಿಂದ ಕಂದು ಹರಡಿತು. ಬಿಳಿ ಹೊಗೆ, ಗಂಧಕ ಉರಿದ ವಾಸನೆ, ಒದ್ದೆ ನೀಲಿ ಲಿಟ್ಮಸ್ ಕೆಂಪಾಯಿತು. ತಣ್ಣಗಾದ ಮೇಲೆ ಕೆಂಪು-ಕಂದು ಪುಡಿ ಉಳಿಯಿತು." ತಣ್ಣಗಾದ ಮೇಲೆ ಅನ್ನೋದು ಮುಖ್ಯ. ಫೆರಿಕ್ ಆಕ್ಸೈಡ್ ಬಿಸಿ ಇದ್ದಾಗ ಇನ್ನೂ ಕಡು ಬಣ್ಣದಲ್ಲಿ, ಕಪ್ಪಿಗೆ ಹತ್ತಿರ ಕಾಣುತ್ತೆ. ಬಿಸಿಯಲ್ಲೇ ನೋಡಿ "ಕಪ್ಪಾಯಿತು" ಅಂತ ಬರೆದುಬಿಡ್ತಾರೆ.

ನಿಮ್ಮ ಟ್ಯೂಬ್ ಹೀಗೆ ನಡೆಯದೆ ಇದ್ದರೆ? ತುಂಬಾ ಸಲ ಪುಡಿ ಹಳದಿ-ಕಂದಿಗೇ ನಿಂತುಬಿಡುತ್ತೆ, ಇಟ್ಟಿಗೆ ಕೆಂಪಿಗೆ ಬರಲ್ಲ. ಪಕ್ಕದ ಗುಂಪಿನ ಬಣ್ಣ ನೋಡಿ ಬರೀಬೇಡಿ. ಸ್ಪಿರಿಟ್ ಲ್ಯಾಂಪಿನ ಶಾಖ ಸಾಲದೆ ವಿಭಜನೆ ಅರ್ಧಕ್ಕೆ ನಿಂತಿರಬಹುದು. ಅದನ್ನು ಪರೀಕ್ಷೆ ಮಾಡಬಹುದು. ಟ್ಯೂಬ್ ಪೂರ್ತಿ ತಣ್ಣಗಾದ ಮೇಲೆ, ಬಾಗಿಲ ಹೊರಗೆ ಒಂದು ಸುತ್ತು ಹೋಗಿ ಬಂದ ಮೇಲೆ, ಆ ಪುಡಿಗೆ ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ, ಕೆಲವು ನಿಮಿಷ ಬಿಡಿ. ಫೆರಿಕ್ ಆಕ್ಸೈಡ್ ನೀರಲ್ಲಿ ಕರಗಲ್ಲ, ಕೆಂಪಾಗಿ ತಳ ಸೇರುತ್ತೆ. ವಿಭಜನೆ ಆಗದೆ ಉಳಿದ ಸಲ್ಫೇಟ್ ನಿಧಾನವಾಗಿ ಕರಗುತ್ತೆ. ಮೇಲಿನ ತಿಳಿಗೆ ಹಸಿರು ಅಥವಾ ಹಳದಿ ಬಣ್ಣ ಬಂದಿದ್ದರೆ ಕೆಲಸ ಅರ್ಧ ಉಳಿದಿದೆ ಅಂತ. ಅದನ್ನು ಹಾಗೇ ಬರೆಯಿರಿ: "ವಿಭಜನೆ ಪೂರ್ತಿ ಆಗಿಲ್ಲ, ನೀರಿನಲ್ಲಿ ಒಂದು ಭಾಗ ಕರಗಿತು." ನನ್ನ ಕೈಗೆ ಅಂಥ ರೆಕಾರ್ಡ್ ಬಂದರೆ ಪೂರ್ತಿ ಅಂಕ ಕೊಡ್ತೀನಿ.

ಇದೇ ಹಾಳೆಯ ಮುಂದಿನ ಪ್ರಯೋಗ ಲೆಡ್ ನೈಟ್ರೇಟ್ ಕಾಯಿಸೋದು. ಅದರಲ್ಲಿ ಹರಳಿನ ನೀರು ಇಲ್ಲ. ಹನಿ ಬರಲ್ಲ, ಬದಲಿಗೆ ಹರಳು ಚಟಪಟ ಸಿಡಿಯುತ್ತೆ. ಬರುವ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ವಿಷ, ಸೀಸವೂ ವಿಷ. ಹಾಗಾಗಿ ಅದನ್ನು ಮೂಸೋದಂತೂ ಬೇಡವೇ ಬೇಡ. ಕಿಟಕಿಯ ಹತ್ತಿರ ಶಿಕ್ಷಕರು ಮಾಡಿ ತೋರಿಸಲಿ, ನೀವು ದೂರದಿಂದಲೇ ಕಂದು ಹೊಗೆ ನೋಡಿ ಬರೆದುಕೊಳ್ಳಿ.